ರಾಣಿಬಾಗಿನಲ್ಲಿ ಮಾಸ್ಟ್ರು ಸಿಕ್ಕಿದಾಗ

(ಬೈಕುಲ್ಲಾದ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನು ಏರಿದವರು ಕದಂಬರಿಂದ ಮಾತನ್ನು ಆರಂಭಿಸುವುದು ವಾಡಿಕೆ. ನಮಗೆ ಅಷ್ಟು ಹಿಂದಿನ ಇತಿಹಾಸ ಬಾರದು. ನಾವು ಬಲ್ಲ ಇತಿಹಾಸವೆಲ್ಲ 1976ನೆಯ ಇಸವಿಯಲ್ಲಿ ನಾವು ಬೈಕುಲ್ಲಾಕ್ಕೆ ಬಂದು ಇಳಿದ ದಿನದಿಂದ ಈಚಿನದು. ಅದರಲ್ಲಿಯೂ ಇಂದು ತಮ್ಮ ಮುಂದೆ ಇಡಬೇಕೆಂದಿರುವುದು ಕಳೆದ ಚಳಿಗಾಲದ ಒಂದು ಭಾನುವಾರದ ಒಂದು ಗಂಟೆಯ ವಿಷಯ ಮಾತ್ರ.

'ನಾವು' ಎಂದು ಹೇಳುತ್ತಿರುವುದು ದೊಡ್ಡಸ್ತಿಕೆಯಿಂದಲ್ಲ. ನಾವು ನಿಜವಾಗಿಯೂ ಇಬ್ಬರು. ಒಬ್ಬನು ಕಾಪುವಿನವನು, ಇನ್ನೊಬ್ಬನು ಬೈಂದೂರಿನವನು. ಒಬ್ಬನು ಇಲ್ಲಿ ನಿಂತು ಮಾತನಾಡುತ್ತಿದ್ದಾನೆ. ಇನ್ನೊಬ್ಬನು ಮೊದಲ ಸಾಲಿನಲ್ಲಿ ಕುಳಿತು, ಮಾತು ತಪ್ಪಿದರೆ ತಿದ್ದಲು ಕಾದಿದ್ದಾನೆ. ಮಾತು ಇಬ್ಬರದೂ ಆದುದರಿಂದ ಅದು ಹಾಗೆಯೇ ಇರಲಿ.

ಆ ಭಾನುವಾರ ಬೆಳಗ್ಗೆ ನಾವು ಮೊಮ್ಮಕ್ಕಳನ್ನು ಕರೆದುಕೊಂಡು ರಾಣಿಬಾಗಿಗೆ ಹೋಗಿದ್ದೆವು. ಈಗ ಅದಕ್ಕೆ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನವೆಂದು ಹೆಸರು. ಆದರೆ ಬೈಕುಲ್ಲಾದ ಬಾಯಿಗೆ ಅದು ಇಂದಿಗೂ ರಾಣಿಬಾಗೇ. ಮಕ್ಕಳು ಪೆಂಗ್ವಿನ್ ನೋಡುವ ಸಾಲಿನಲ್ಲಿ ತಮ್ಮ ತಾಯಂದಿರ ಜೊತೆ ನಿಂತರು. ಆ ಸಾಲು ಉದ್ದವಾಗಿತ್ತು, ನಮ್ಮ ಮಂಡಿಗಳಿಗೆ ಅದು ಒಗ್ಗುವಂತಿರಲಿಲ್ಲ. ನಾವು ನೆರಳು ಹುಡುಕುತ್ತ ಮರಗಳ ಕೆಳಗಿನ ಬೆಂಚುಗಳ ಕಡೆಗೆ ನಡೆದೆವು.

ಅಲ್ಲಿ ಒಂದು ಬೆಂಚಿನ ಮೇಲೆ ಒಬ್ಬ ವೃದ್ಧರು ಕುಳಿತು ಪತ್ರಿಕೆ ಓದುತ್ತಿದ್ದರು. ಪತ್ರಿಕೆ ಕನ್ನಡದ್ದು. ಅದನ್ನು ಅವರು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮಡಿಸಿ, ಅಂಗೈಯಷ್ಟು ಅಗಲ ಮಾಡಿಕೊಂಡು, ಒಂದು ಬೆರಳನ್ನು ಸಾಲಿನ ಕೆಳಗೆ ಓಡಿಸುತ್ತ ಓದುತ್ತಿದ್ದರು. ಮುಖವನ್ನು ನೋಡಿ ನಮಗೆ ಏನೂ ತಿಳಿಯಲಿಲ್ಲ. ಆ ಬೆರಳನ್ನು ನೋಡಿ ತಿಳಿಯಿತು. ಆ ಬೆರಳು ನಮ್ಮ ಪುಸ್ತಕಗಳ ಮೇಲೆಯೂ ಮೂರು ವರ್ಷ ಓಡಿತ್ತು. ಅವರು ನಮ್ಮ ರಾತ್ರಿ ಶಾಲೆಯ ಕನ್ನಡ ಮಾಸ್ಟ್ರು.

ಇಲ್ಲಿ ಕುಳಿತಿರುವ ಹಿರಿಯರಿಗೆ ರಾತ್ರಿ ಶಾಲೆಯನ್ನು ಪರಿಚಯಿಸಬೇಕಾಗಿಲ್ಲ. ಕಿರಿಯರಿಗಾಗಿ ಎರಡು ಮಾತು. ಊರಿನಿಂದ ಹೋಟೆಲುಗಳಿಗೆ, ಕ್ಯಾಂಟೀನುಗಳಿಗೆ ದುಡಿಯಲು ಬಂದ ಹುಡುಗರಿಗಾಗಿ ಮುಂಬಯಿಯ ಕನ್ನಡ ಸಂಘಗಳು ಈ ಶಾಲೆಗಳನ್ನು ನಡೆಸಿದುವು. ಮೊಗವೀರ ವ್ಯವಸ್ಥಾಪಕ ಮಂಡಳಿ ನಡೆಸಿದ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ ಇವುಗಳ ಹೆಸರನ್ನು ತಾವು ಕೇಳಿರಬಹುದು. ನಮ್ಮದು ಬೇರೊಂದು, ಅಷ್ಟು ಹೆಸರುವಾಸಿಯಲ್ಲದ್ದು. ಅದು ಮುಚ್ಚಿಹೋಗಿ ಬಹಳ ಕಾಲವಾಯಿತು. ಸಂಜೆ ಆರೂವರೆಗೆ ಗಂಟೆ ಹೊಡೆದರೆ ಒಂಬತ್ತೂವರೆಗೆ ಬಿಡುಗಡೆ. ಬೆಳಗಿನ ಐದಕ್ಕೆ ಎದ್ದು ಇಡ್ಲಿ ಪಾತ್ರೆ ಇಳಿಸಿದ ಹುಡುಗರು, ಕೈಗೆ ಅಂಟಿದ ಈರುಳ್ಳಿ ವಾಸನೆಯ ಸಹಿತ ಬೆಂಚಿನಲ್ಲಿ ಕುಳಿತಿರುತ್ತಿದ್ದೆವು. ಮಾಸ್ಟ್ರಿಗೂ ಹಗಲಿಡೀ ಕೋಟೆ ಭಾಗದ ಆಫೀಸೊಂದರಲ್ಲಿ ಗುಮಾಸ್ತಿಕೆ. ಕಲಿಸುವವರೂ ದಣಿದವರು, ಕಲಿಯುವವರೂ ದಣಿದವರು. ನಿದ್ರೆ ಯಾರಿಗೆ ಮೊದಲು ಬರುವುದೋ ಎಂಬುದೇ ಪ್ರಶ್ನೆ.

ಒಂದು ವಿಶೇಷವನ್ನು ಹೇಳಿಯೇ ಮುಂದಕ್ಕೆ ಹೋಗಬೇಕು. ನಮ್ಮ ತರಗತಿಯಲ್ಲಿ ಒಂದೇ ಹೆಸರಿನ ಹುಡುಗರು ಹಲವರಿದ್ದರು. ಹೆಸರು ಕರೆದರೆ ನಾಲ್ವರು ಏಳುತ್ತಿದ್ದರು. ಆದುದರಿಂದ ಮಾಸ್ಟ್ರು ಊರಿನ ಹೆಸರು ಹಿಡಿದೇ ಕೂಗುತ್ತಿದ್ದರು. "ಕಾಪು, ಪದ್ಯ ಹೇಳು. ಬೈಂದೂರು, ನಿದ್ರೆ ಮಾಡಬೇಡ." ಮೂರು ವರ್ಷ ನಮಗೆ ಅವೇ ಹೆಸರುಗಳಾಗಿದ್ದುವು.

ಈಗ ರಾಣಿಬಾಗಿನ ಬೆಂಚಿಗೆ ಬರೋಣ. ಮಾಸ್ಟ್ರನ್ನು ಗುರುತಿಸಿದ ಕೂಡಲೆ ನಾವು ಓಡಿ ಹೋಗಿ ಕಾಲು ಹಿಡಿದೆವೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ನಡೆದುದು ಹಾಗಲ್ಲ. ನಾವು ಇಬ್ಬರೂ ಒಂದು ದೊಡ್ಡ ಮರದ ಹಿಂದಕ್ಕೆ ಸರಿದೆವು. ಅರುವತ್ತು ದಾಟಿದ ಇಬ್ಬರು ಗೃಹಸ್ಥರು, ಮನೆಕೆಲಸ ಬರೆಯದೆ ಬಂದ ಹುಡುಗರಂತೆ, ಮರದ ಮರೆಯಲ್ಲಿ ನಿಂತೆವು.

"ಬೇಡ ಮಾರಾಯ, ಹೋಪ," ಎಂದನು ಬೈಂದೂರಿನವನು. "ನಾವು ಅವರನ್ನು ಕಾಣಲೇ ಇಲ್ಲವೆಂದು ಎಣಿಸಿಕೊಂಡರಾಯಿತು."

ಅವನಿಗೆ ಹಾಗೆ ಹೇಳಲು ಕಾರಣವಿತ್ತು. 1978ರಲ್ಲಿ ನಾವು ಹತ್ತನೆಯ ತರಗತಿಯಲ್ಲಿದ್ದಾಗ, ಎಸ್.ಎಸ್.ಸಿ. ಪರೀಕ್ಷೆಯ ಅರ್ಜಿ ತುಂಬುವ ಸಮಯದಲ್ಲಿ, ಅವನ ಕೈಯಲ್ಲಿ ಹಣವಿರಲಿಲ್ಲ. ಬಂದ ಸಂಬಳ ಊರಿಗೆ ಮನಿಯಾರ್ಡರಾಗಿ ಹೋಗಿತ್ತು. ಮಾಸ್ಟ್ರು ತಮ್ಮ ಜೇಬಿನಿಂದ ಶುಲ್ಕ ಕಟ್ಟಿದರು. "ಪಾಸಾದ ಮೇಲೆ ಕೊಡು," ಎಂದರು. 1979ರ ಪರೀಕ್ಷೆಗೆ ಇನ್ನೂ ಕೆಲವೇ ದಿನಗಳಿರುವಾಗ ಊರಿನಿಂದ ತಂತಿ ಬಂದಿತು: ತಾಯಿಗೆ ಅಸೌಖ್ಯ, ಕೂಡಲೆ ಹೊರಡು. ಅವನು ಅಂದಿನ ಬಸ್ಸಿಗೇ ಹೊರಟುಹೋದನು. ಶಾಲೆಗೆ ತಿಳಿಸಲಿಲ್ಲ. ಪರೀಕ್ಷೆ ಮುಗಿದ ಮೇಲೆ ಮುಂಬಯಿಗೆ ಮರಳಿದಾಗ ನಾಚಿಕೆಯಿಂದ ಬೈಕುಲ್ಲಾದ ಕಡೆಗೆ ಕಾಲಿಡದೆ, ಮುಲುಂದಿನಲ್ಲಿ ಬೇರೆ ಕೆಲಸ ಹಿಡಿದನು. ಮಾಸ್ಟ್ರಿಗೆ ಮುಖ ತೋರಿಸಲಿಲ್ಲ. ಒಂದು ಕಾಗದವನ್ನೂ ಬರೆಯಲಿಲ್ಲ. ಆಮೇಲೆ ಅವನು ಸ್ವಂತ ಕ್ಯಾಂಟೀನು ಇಟ್ಟನು, ಮಕ್ಕಳನ್ನು ಓದಿಸಿದನು, ಎಲ್ಲವೂ ಆಯಿತು. ಆ ಒಂದು ಲೆಕ್ಕ ಮಾತ್ರ 45 ವರ್ಷಗಳಿಗೂ ಮೇಲ್ಪಟ್ಟು ಹಾಗೆಯೇ ಉಳಿದಿತ್ತು.

ಕಾಪುವಿನವನು ಅವನ ತೋಳನ್ನು ಬಿಡಲಿಲ್ಲ. "ಹೋಗುವುದೇನೋ ನಿಶ್ಚಯ. ಹೋಗಿ ಏನು ಹೇಳಬೇಕು, ಅದನ್ನು ಯೋಚಿಸು," ಎಂದನು. ಹೀಗೆ ಮರದ ಹಿಂದೆ ನಮ್ಮ ಆಲೋಚನಾ ಸಭೆ ಸೇರಿತು.

ಮೊದಲು ನಮ್ಮ ನಾಲಗೆಯ ತುದಿಗೆ ಬಂದುದು ಎಲ್ಲರ ನಾಲಗೆಗೂ ಬರುವ ಮಾತು: "ಮಾಸ್ಟ್ರೆ, ನಮ್ಮ ಗುರುತು ಸಿಕ್ಕಿತೆ?" ಇದನ್ನು ನಾವು ಕೂಡಲೆ ತಳ್ಳಿಹಾಕಿದೆವು. ಹಿಂದೊಮ್ಮೆ ಮಾಟುಂಗದ ಮದುವೆಯ ಮನೆಯಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ತನ್ನ ಗುರುಗಳಿಗೆ ಹೀಗೆಯೇ ಪ್ರಶ್ನೆ ಹಾಕಿದುದನ್ನು ನಾವು ನೋಡಿದ್ದೆವು. ಆ ಹಿರಿಯರು ದಾಕ್ಷಿಣ್ಯಕ್ಕೆ "ಹೌದು, ಹೌದು" ಎಂದರು. ಇವನು ಬಿಡದೆ "ಹಾಗಾದರೆ ಹೆಸರು ಹೇಳಿ ನೋಡೋಣ" ಎಂದನು. ಅವರು ಯಾವುದೋ ಹೆಸರು ಹೇಳಿದರು; ಸುತ್ತಲಿದ್ದವರು ನಕ್ಕರು; ಆ ಹಿರಿಯರ ಮುಖ ಚಿಕ್ಕದಾಯಿತು. ಆ ಮೇಲೆ ಅವರು ಊಟವಾಗುವ ತನಕ ಮಾತನಾಡಲಿಲ್ಲ.

ತಾವೇ ಲೆಕ್ಕ ಹಾಕಿ ನೋಡಿ. ನಮ್ಮ ಮಾಸ್ಟ್ರು ಸುಮಾರು 20 ವರ್ಷ ಕಲಿಸಿದರು. ವರ್ಷಕ್ಕೆ ಹೊಸ ಹುಡುಗರು 40 ಮಂದಿ ಎಂದರೂ 800 ಮುಖಗಳಾದುವು. ನಾವು ನೆನಪಿಡಬೇಕಾದುದು ಒಬ್ಬ ಮಾಸ್ಟ್ರನ್ನು; ಅವರು ನೆನಪಿಡಬೇಕಾದುದು 800 ಹುಡುಗರನ್ನು. ಅಷ್ಟೇ ಅಲ್ಲ. ಅವರನ್ನು ನಾವು ಬಿಟ್ಟಾಗ ಅವರು ಬೆಳೆದು ನಿಂತ ಗಂಡಸರು. ಈಗ ಕೂದಲು ನೆರೆತಿದೆ, ಬೆನ್ನು ಬಾಗಿದೆ, ಆದರೆ ಚಹರೆ ಅದೇ. ಅವರು ನಮ್ಮನ್ನು ಕಂಡಾಗ ನಮಗೆ ಮೀಸೆಯೇ ಮೂಡಿರಲಿಲ್ಲ. ಈಗ ಆ ಮೀಸೆಯೂ ಬೆಳ್ಳಗಾಗಿದೆ. ಹದಿನಾರರ ಹುಡುಗನನ್ನು ಅರುವತ್ತರ ಮುದುಕನಲ್ಲಿ ಹುಡುಕು ಎನ್ನುವುದು ನ್ಯಾಯವಲ್ಲ. ಮೇಲಾಗಿ ವಯಸ್ಸಾದಂತೆ ಮೊದಲು ಕೈಬಿಡುವುದು ಹೆಸರು. ನಡೆದ ಪ್ರಸಂಗ ನೆನಪಿರುತ್ತದೆ, ಹೆಸರು ಬಾರದು. ಪರೀಕ್ಷೆ ಮಾಡುವುದು ಅವರ ಕೆಲಸವಾಗಿತ್ತು. ಈಗ ನಾವು ಅವರನ್ನು ಪರೀಕ್ಷೆಗೆ ಕೂರಿಸಬಾರದು.

ಎರಡನೆಯ ಸಲಹೆ ಬೈಂದೂರಿನವನದು. ಅವನು ಪಾಕೀಟು ತೆಗೆದು, ಇದ್ದ ನೋಟುಗಳನ್ನೆಲ್ಲ ಎಣಿಸಿ, "ಇದನ್ನು ಅವರ ಕೈಯಲ್ಲಿಟ್ಟು ನಮಸ್ಕಾರ ಮಾಡಿ ಬರುತ್ತೇನೆ," ಎಂದನು. ಕಾಪುವಿನವನು ಕೇಳಿದನು: "ಅಂದು ಅವರು ಕಟ್ಟಿದ್ದು ಎಷ್ಟು, ಅದಕ್ಕೆ ಬಡ್ಡಿ ಎಷ್ಟು ಎಂದು ಲೆಕ್ಕ ಹಾಕಿದ್ದೀಯಾ? ಬೆಂಚಿನ ಮೇಲೆ ಕುಳಿತು ಪೇಪರು ಓದುತ್ತಿರುವವರ ಕೈಗೆ ನಾಲ್ಕು ಜನರ ಎದುರು ನೋಟು ತುರುಕಿದರೆ, ನೋಡಿದವರು ಏನೆಂದು ತಿಳಿದಾರು?" ಪಾಕೀಟು ಜೇಬಿಗೆ ಹಿಂದಿರುಗಿತು.

ಮೂರನೆಯದು, ಹೊಗಳುವುದು. "ನಿಮ್ಮಿಂದಲೇ ನಾವು ಮನುಷ್ಯರಾದೆವು" ಎಂಬ ಮಾತು ಸಭೆಗಳಲ್ಲಿ ಚೆನ್ನಾಗಿ ಕೇಳಿಸುತ್ತದೆ. ಆದರೆ ಈ ಮಾತನ್ನು ಯಾವ ವಿದ್ಯಾರ್ಥಿಯೂ ಯಾವ ಗುರುವಿಗೂ ಹೇಳಬಹುದು. ಅದರಿಂದ ಮಾಸ್ಟ್ರಿಗೆ ಎದುರಿಗಿರುವವನು ಯಾರೆಂದು ತಿಳಿಯುವುದಿಲ್ಲ. ಅವರು ಏನು ಮಾಡಿದ್ದರೆಂಬುದೂ ತಿಳಿಯುವುದಿಲ್ಲ.

ಹಾಗಾದರೆ ಏನು ಹೇಳುವುದು? ನಮಗೆ ದಾರಿ ತೋರಿಸಿದ್ದು ಮಾಸ್ಟ್ರು ಕಲಿಸಿದ ಪಾಠವೇ. ಆಗ ಮನಿಯಾರ್ಡರ್ ಫಾರಮಿನ ಅಡಿಯಲ್ಲಿ, ಹಣ ಪಡೆದವರು ಹರಿದಿಟ್ಟುಕೊಳ್ಳುವ ಒಂದು ಚೀಟಿಯ ಭಾಗವಿರುತ್ತಿತ್ತು. ಅದರಲ್ಲಿ ನಾಲ್ಕೈದು ಸಾಲು ಸಂದೇಶ ಬರೆಯಬಹುದು. ನಾವು ಹುಡುಗರು ಅಲ್ಲಿ "ಕ್ಷೇಮ, ಕ್ಷೇಮಕ್ಕೆ ಬರೆಯುವುದು" ಎಂದಷ್ಟೇ ಗೀಚುತ್ತಿದ್ದೆವು. ಮಾಸ್ಟ್ರು ಒಂದು ರಾತ್ರಿ ಪಾಠ ಬಿಟ್ಟು ಇದನ್ನೇ ಕಲಿಸಿದರು. "ನಿಮ್ಮ ತಾಯಿಗೆ ಓದು ಬಾರದು. ಇದನ್ನು ಅಂಚೆಯವನು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಾನೆ. ಆದುದರಿಂದ ಅಕ್ಷರ ದೊಡ್ಡದಿರಲಿ. ಮೊದಲು ಯಾರು, ಎಲ್ಲಿಂದ ಎಂಬುದನ್ನು ಬರೆಯಿರಿ. ಆಮೇಲೆ ನಿಜವಾಗಿ ನಡೆದ ಒಂದು ಸಂಗತಿ. ಕೊನೆಗೆ ನೀವು ಹೇಗಿದ್ದೀರಿ. ಪ್ರಶ್ನೆ ಕೇಳಬೇಡಿ, ಉತ್ತರ ಬರೆಯಲು ಆಕೆಗೆ ಇನ್ನೊಬ್ಬರ ಕೈಕಾಲು ಹಿಡಿಯಬೇಕಾಗುತ್ತದೆ." ಮರದ ಹಿಂದೆ ನಿಂತು ನಾವು ಇದನ್ನು ನೆನೆದೆವು. ಯಾರು, ಎಲ್ಲಿಯವರು, ನಡೆದ ಒಂದು ಸಂಗತಿ, ಹೇಗಿದ್ದೇವೆ. ಪ್ರಶ್ನೆ ಬೇಡ. ಇಷ್ಟು ನಿರ್ಧಾರವಾದ ಮೇಲೆ ಬೈಂದೂರಿನವನ ಕಾಲು ಮುಂದಕ್ಕೆ ಬಂದಿತು.

ಹಿಂದಿನಿಂದ ಹೋದರೆ ಬೆಚ್ಚಿಬಿದ್ದಾರೆಂದು ಸುತ್ತು ಹಾಕಿ, ಅವರಿಗೆ ಕಾಣುವಂತೆ ಎದುರಿನಿಂದ ಹೋದೆವು. ಅವರು ಕುಳಿತಿದ್ದುದು ಒಳ್ಳೆಯದಾಯಿತು. ನಿಂತಿರುವ ವೃದ್ಧರ ಕಾಲಿಗೆ ಬಗ್ಗಿದರೆ ಅವರು ಎತ್ತಲು ಬಾಗುತ್ತಾರೆ, ಬಾಗಿ ಮುಗ್ಗರಿಸುತ್ತಾರೆ. ನಾವು ನಮಸ್ಕರಿಸಿ, ಒಬ್ಬೊಬ್ಬರು ಒಂದೊಂದು ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತೆವು. ಅವರ ಬಲಗಿವಿಯಲ್ಲಿ ಶ್ರವಣಯಂತ್ರವಿತ್ತು; ಆದುದರಿಂದ ಬಲಕ್ಕೆ ಕುಳಿತ ಕಾಪುವಿನವನೇ ಮಾತನ್ನು ಆರಂಭಿಸಬೇಕಾಯಿತು.

"ಮಾಸ್ಟ್ರೆ, ನಾವು ನಿಮ್ಮ ರಾತ್ರಿ ಶಾಲೆಯ ಹುಡುಗರು. 1979ನೆಯ ಇಸವಿಯ ಹತ್ತನೆಯ ತರಗತಿ. ನನ್ನನ್ನು ನೀವು ಕಾಪು ಎಂದು ಕೂಗುತ್ತಿದ್ದಿರಿ, ಇವನನ್ನು ಬೈಂದೂರು ಎಂದು. ಒಂದು ಭಾನುವಾರ ನಮ್ಮನ್ನು ಇದೇ ರಾಣಿಬಾಗಿಗೆ ಕರೆತಂದು ಕಲ್ಲಾನೆ ತೋರಿಸಿದ್ದಿರಿ."

ಕಲ್ಲಾನೆಯನ್ನು ತಾವೆಲ್ಲ ನೋಡಿರಬಹುದು, ಅಲ್ಲಿಯೇ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಬಳಿ ನಿಂತಿದೆ. ಅದು ಘಾರಾಪುರಿ ದ್ವೀಪದ್ದು. ಆ ಆನೆಯನ್ನು ಕಂಡೇ ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಎಂದು ಕರೆದರು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಯಂತ್ರ ಮುರಿದು, ಆನೆ ಬಿದ್ದು ಚೂರಾಯಿತು. ಆ ಚೂರುಗಳನ್ನು ಇಲ್ಲಿಗೆ ತಂದರು. 1914ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಇದನ್ನೆಲ್ಲ ನಮಗೆ ಹೇಳಿದವರು ಮಾಸ್ಟ್ರೇ. ಹೇಳಿ, ಅಂದಿನ ಸಂಜೆ ಪ್ರತಿಯೊಬ್ಬರೂ ಈ ಆನೆಯ ವಿಷಯ ಊರಿಗೆ ಇನ್‌ಲ್ಯಾಂಡ್ ಕಾಗದ ಬರೆಯುವಂತೆ ಮಾಡಿದ್ದರು.

ಮಾಸ್ಟ್ರು ನಮ್ಮಿಬ್ಬರ ಮುಖವನ್ನೂ ಬಹಳ ಹೊತ್ತು ನೋಡಿದರು. "ಕಣ್ಣು ಸ್ವಲ್ಪ ಮಂಜು ಮಾರಾಯ್ರೆ. ನೀವು ಬಂದದ್ದು ಸಂತೋಷ. ಕುಳಿತುಕೊಳ್ಳಿ, ಕುಳಿತುಕೊಳ್ಳಿ," ಎಂದರು. ನಾವು ಆಗಲೇ ಕುಳಿತಿದ್ದೆವು. ಮಾತಿನಲ್ಲಿ ಬಹುವಚನವಿತ್ತು. ಅದು ಪರಕೀಯರಿಗೆ ಕೊಡುವ ಮರ್ಯಾದೆ. ಗುರುತು ಇನ್ನೂ ಸಿಕ್ಕಿಲ್ಲವೆಂಬುದಕ್ಕೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇರಿಲ್ಲ. ನಾವು ಅವಸರಪಡಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಕಾಪುವಿನವನ ಕಡೆಗೆ ಬೆರಳು ತೋರಿಸಿ, "ನೀವು ಶಾರದಾ ಪೂಜೆಯ ದಿನ ಕೊಳಲು ಬಾರಿಸಿದವರಲ್ಲವೆ?" ಎಂದರು. ಕೊಳಲು ಬಾರಿಸಿದವನು ಬೇರೆ. ಈಗ ಹೂಂ ಎನ್ನಬೇಕೆ, ಅಲ್ಲವೆನ್ನಬೇಕೆ? ಹೂಂ ಎಂದರೆ ಸುಳ್ಳಾಯಿತು. ಮುಂದಿನ ಮಾತೆಲ್ಲ ಆ ಸುಳ್ಳಿನ ಮೇಲೆಯೇ ನಡೆಯಬೇಕು. ಬರಿದೆ ಅಲ್ಲವೆಂದರೆ ಮಾಟುಂಗದ ಮದುವೆಯ ಮನೆಯ ಪ್ರಸಂಗವೇ ಆಯಿತು. ಕಾಪುವಿನವನು ಹೀಗೆಂದನು: "ಕೊಳಲಿನವನು ನನ್ನ ಹಿಂದಿನ ಬೆಂಚಿನ ಶಿರ್ವದ ಹುಡುಗ, ಮಾಸ್ಟ್ರೆ. ಅಂದು ಅವನ ಪಕ್ಕದಲ್ಲಿ ಲಾಂದ್ರ ಹಿಡಿದು ನಿಂತವನು ನಾನು. ಕರೆಂಟು ಹೋಗಿತ್ತಲ್ಲ." ಮಾಸ್ಟ್ರ ನೆನಪಿನಲ್ಲಿ ಕೊಳಲು ಸರಿಯಾಗಿಯೇ ಇತ್ತು, ಅದನ್ನು ಹಿಡಿದ ಕೈ ಮಾತ್ರ ಬದಲಾಗಿತ್ತು. ಅವರ ನೆನಪನ್ನು ನಾವು ಕಿತ್ತುಕೊಳ್ಳಲಿಲ್ಲ, ಅದರ ಪಕ್ಕದಲ್ಲಿ ನಮ್ಮ ಜಾಗವನ್ನು ತೋರಿಸಿದೆವು, ಅಷ್ಟೆ.

"ಲಾಂದ್ರ!" ಎಂದು ಮಾಸ್ಟ್ರು ನಕ್ಕರು. "ಅದರ ಗಾಜು ಒಡೆದವನು ನೀನೇ ಅಲ್ಲವೋ?"

'ನೀನು' ಎಂದರು. ಗುರುತು ಸಿಕ್ಕಿತು.

ಇನ್ನು ಬೈಂದೂರಿನವನ ಸರದಿ. ಅವನು ಎದ್ದು ಬಲಗಡೆಗೆ ಬಂದು, ಮಾಸ್ಟ್ರ ಮುಂದೆ ನೆಲದ ಮೇಲೆಯೇ ಕುಳಿತನು. ಮರದ ಹಿಂದೆ ನಾವು ತಿದ್ದಿ ತೀಡಿ ಇಟ್ಟಿದ್ದ ವಾಕ್ಯ ಒಂದೇ: "ಮಾಸ್ಟ್ರೆ, ನೀವು ನನ್ನ ಪರೀಕ್ಷೆಯ ಶುಲ್ಕ ಕಟ್ಟಿದಿರಿ, ನಾನು ಪರೀಕ್ಷೆಗೆ ಕುಳಿತುಕೊಳ್ಳಲಿಲ್ಲ, ನಿಮಗೆ ಹೇಳಲೂ ಇಲ್ಲ, ಅದು ನನ್ನ ತಪ್ಪು." ಅದರಲ್ಲಿ ಕಾರಣ ಹೇಳಬಾರದೆಂದು ನಿಶ್ಚಯ ಮಾಡಿದ್ದೆವು. ತಪ್ಪೊಪ್ಪಿಕೊಳ್ಳುವಾಗ ಕಾರಣ ಮೊದಲು ಬಂದರೆ ಅದು ವಾದವಾಗುತ್ತದೆ. ಅವನು ಅಷ್ಟನ್ನೇ ಹೇಳಿದನು.

ಮಾಸ್ಟ್ರು ಶುಲ್ಕದ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಪತ್ರಿಕೆಯನ್ನು ಪಕ್ಕಕ್ಕಿಟ್ಟರು. "ಬೈಂದೂರು," ಎಂದರು. ಆಮೇಲೆ, "ಅಮ್ಮ ಉಳಿದಳೇನೋ?" ಎಂದು ಕೇಳಿದರು.

ನಮ್ಮಿಬ್ಬರಿಗೂ ಒಂದು ಕ್ಷಣ ಮಾತು ಹೊರಡಲಿಲ್ಲ. ಅವರು ವಿವರಿಸಿದರು. ಪರೀಕ್ಷೆಯ ಹಾಲ್ ಟಿಕೆಟುಗಳನ್ನು ಹಂಚಿದ ದಿನ ಒಂದು ಟಿಕೆಟು ಉಳಿಯಿತಂತೆ. ಮಾಸ್ಟ್ರು ಅದನ್ನು ಜೇಬಿನಲ್ಲಿಟ್ಟುಕೊಂಡು ರಾತ್ರಿ ಹತ್ತು ಗಂಟೆಗೆ ನಮ್ಮ ಹೋಟೆಲಿಗೆ ಹುಡುಕಿಕೊಂಡು ಹೋದರಂತೆ. ಅಲ್ಲಿ ತಂತಿಯ ಸುದ್ದಿ ತಿಳಿಯಿತು. ಕಾಪುವಿನವನು ಆಗ ಪರೀಕ್ಷೆಗೆಂದು ರಜೆ ಪಡೆದು ಚಿಂಚಪೋಕ್ಲಿಯಲ್ಲಿ ಚಿಕ್ಕಪ್ಪನ ಖೋಲಿಯಲ್ಲಿ ಓದುತ್ತಿದ್ದನು. ಇದು ಅವನಿಗೂ ತಿಳಿಯಲಿಲ್ಲ. ಮಾಸ್ಟ್ರು ಆ ಟಿಕೆಟನ್ನು ಎಷ್ಟೋ ಕಾಲ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದರಂತೆ. ಶುಲ್ಕ ಕಟ್ಟಿದ್ದು ಅವರಿಗೆ ನೆನಪೇ ಇರಲಿಲ್ಲ, ಹಲವರಿಗೆ ಕಟ್ಟಿರಬೇಕು. ಅವರ ಮನಸ್ಸಿನಲ್ಲಿ ಉಳಿದಿದ್ದುದು ಒಂದೇ ಪ್ರಶ್ನೆ. ಅದನ್ನು ಕೇಳಲು ಅವರಿಗೆ ವಿಳಾಸ ಗೊತ್ತಿರಲಿಲ್ಲ.

"ಉಳಿದಳು ಮಾಸ್ಟ್ರೆ," ಎಂದನು ಬೈಂದೂರಿನವನು. "ಇನ್ನೂ 20 ವರ್ಷ ಇದ್ದಳು. ಮೊಮ್ಮಕ್ಕಳನ್ನು ಎತ್ತಿ ಆಡಿಸಿದಳು. ನೀವು ಕಲಿಸಿದ ಹಾಗೆ ಬರೆದ ಮನಿಯಾರ್ಡರ್ ಚೀಟಿಗಳನ್ನೆಲ್ಲ ಅಕ್ಕಿ ಮುಡಿಯ ಹಗ್ಗಕ್ಕೆ ಸಿಕ್ಕಿಸಿ ಇಟ್ಟಿದ್ದಳು."

"ಸರಿ, ಸರಿ," ಎಂದರು ಮಾಸ್ಟ್ರು. ಕನ್ನಡಕ ತೆಗೆದು ಒರೆಸಿದರು. "ಪರೀಕ್ಷೆ ಹೋದರೆ ಹೋಯಿತು."

ಬಂಧುಗಳೆ, ನಾವು ಹೇಳಬೇಕೆಂದಿರುವುದು ಇದು. ಏನು ಹೇಳಬೇಕೆಂದು ಯೋಚಿಸುವಾಗ ನಾವು ನಮ್ಮ ಲೆಕ್ಕವನ್ನೇ ನೋಡುತ್ತೇವೆ: ಅವರಿಗೆ ನಮ್ಮ ನೆನಪಿದೆಯೆ, ನಾವು ಎಷ್ಟು ಬಾಕಿ, ಅವರು ನಮ್ಮನ್ನು ಏನೆಂದು ತಿಳಿದಿರಬಹುದು. ಮಾಸ್ಟ್ರ ಲೆಕ್ಕ ಬೇರೆ ಇರುತ್ತದೆ. ಊರಿನ ಶಾಲೆಯ ಗುರುಗಳಿಗೆ ಶಿಷ್ಯನ ಮುಂದಿನ ಕಥೆ ಸಂತೆಯಲ್ಲಿ, ಜಾತ್ರೆಯಲ್ಲಿ, ಹೇಗೋ ಕಿವಿಗೆ ಬೀಳುತ್ತದೆ. ಮುಂಬಯಿಯ ರಾತ್ರಿ ಶಾಲೆಯ ಮಾಸ್ಟ್ರಿಗೆ ಹಾಗಲ್ಲ. ಹುಡುಗನು ಹೋಟೆಲು ಬದಲಾಯಿಸಿದರೆ, ಒಂದು ಸ್ಟೇಷನ್ನು ಆಚೆಗೆ ಹೋದರೆ, ಅವನ ಕಥೆ ಅಲ್ಲಿಗೆ ತುಂಡಾಯಿತು. ಅವರ ಹಾಜರಿ ಪುಸ್ತಕ ಇಂಥ ಅರ್ಧ ಕಥೆಗಳಿಂದ ತುಂಬಿರುತ್ತದೆ. ಆದುದರಿಂದ ಅವರು ಸಿಕ್ಕಿದಾಗ ಹೇಳತಕ್ಕದ್ದು ನಮ್ಮ ಕಥೆಯ ಉಳಿದ ಅರ್ಧವನ್ನು. ಕೃತಜ್ಞತೆ, ಕ್ಷಮೆ ಎಲ್ಲವೂ ಅದರ ಒಳಗೇ ಬಂದುಬಿಡುತ್ತದೆ.

ಎಲ್ಲಾ ಕಡೆಯಲ್ಲಿಯೂ ರಾಣಿಬಾಗಿನ ಬೆಂಚು ಸಿಗುವುದಿಲ್ಲ. ಇದೇ ಮಾಸ್ಟ್ರು ನಮಗೆ ಬೈಕುಲ್ಲಾ ಸ್ಟೇಷನ್ನಿನ ಪ್ಲಾಟ್‌ಫಾರಮಿನಲ್ಲಿ ಸಂಜೆಯ ಗರ್ದಿಯಲ್ಲಿ ಸಿಕ್ಕಿದ್ದರೆ ಏನು ಮಾಡುತ್ತಿದ್ದೆವು? ಅಲ್ಲಿ ಇರುವುದು ಮುಂದಿನ ಲೋಕಲ್ ಬರುವವರೆಗಿನ ಎರಡು ಮೂರು ನಿಮಿಷ. ಕಾಲಿಗೆ ಬಗ್ಗುವುದು ಅಲ್ಲಿ ಅಪಾಯ. ತಪ್ಪೊಪ್ಪಿಗೆಯನ್ನು ಆರಂಭಿಸಿ ಅರ್ಧಕ್ಕೆ ಬಿಡುವುದು ಅದಕ್ಕಿಂತ ಕೆಟ್ಟದ್ದು. ಊರು, ಶಾಲೆ, ಇಸವಿ, ನಾವು ಸುಖವಾಗಿದ್ದೇವೆ ಎಂಬ ಒಂದು ಮಾತು, ಅವರ ಜೊತೆಗಿದ್ದವರ ಫೋನ್ ನಂಬರು, ಇಷ್ಟು ಸಾಕು. ಉಳಿದುದನ್ನು ಆ ವಾರದೊಳಗೆ ಫೋನಿನಲ್ಲಿ ಹೇಳಬೇಕು. "ಒಮ್ಮೆ ಮನೆಗೆ ಬರುತ್ತೇವೆ" ಎಂದು ದಿನ ಹೇಳದೆ ಬಂದುಬಿಡಬಾರದು. ಆ ವಯಸ್ಸಿನವರು ಆ ಮಾತನ್ನು ನಂಬಿ ಭಾನುವಾರಗಳಲ್ಲಿ ಕಾಯುತ್ತಾರೆ.

ನಾವು ಮಾತನಾಡುತ್ತಿದ್ದಾಗ ಹನ್ನೆರಡು ಹದಿಮೂರು ವಯಸ್ಸಿನ ಒಬ್ಬ ಹುಡುಗಿ ನೀರಿನ ಬಾಟಲಿ ಹಿಡಿದು ಬಂದು, ನಮ್ಮನ್ನು ಸಂಶಯದಿಂದ ನೋಡಿ, "ಆಜೋಬಾ, ಇವರು ಯಾರು?" ಎಂದು ಮರಾಠಿಯಲ್ಲಿ ಕೇಳಿದಳು. ಮಾಸ್ಟ್ರ ಮೊಮ್ಮಗಳು. ಅಜ್ಜ ಆಫೀಸಿನಲ್ಲಿದ್ದರೆಂಬುದು ಅವಳಿಗೆ ಗೊತ್ತು. ರಾತ್ರಿ ಶಾಲೆಯ ವಿಷಯ ಅವಳಿಗೆ ತಿಳಿದೇ ಇರಲಿಲ್ಲ. ಮಾಸ್ಟ್ರು ತಾವಾಗಿ ಹೇಳುವವರಲ್ಲ. ಆಗ ನಾವು ನಮ್ಮ ಹೋಟೆಲಿನ ಮರಾಠಿಯಲ್ಲಿ ಅವಳಿಗೆ ಇನ್ನೊಮ್ಮೆ ಎಲ್ಲವನ್ನೂ ಹೇಳಿದೆವು: ಮನಿಯಾರ್ಡರ್ ಚೀಟಿ, ಲಾಂದ್ರ, ಜೇಬಿನಲ್ಲಿದ್ದ ಹಾಲ್ ಟಿಕೆಟು. ಅವಳು ಅಜ್ಜನನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿದಳು. ಅದುವರೆಗೆ ಅವಳ ಪಾಲಿಗೆ ಆ ಕನ್ನಡ ಪತ್ರಿಕೆ ಅಜ್ಜನ ಒಂದು ಚಟವಾಗಿತ್ತು. ಅದನ್ನು ಕೈಗೆತ್ತಿಕೊಂಡು, "ಇದರಲ್ಲಿ ನನ್ನ ಹೆಸರು ಬರೆಯುವುದು ಹೇಗೆ?" ಎಂದಳು. ಮಾಸ್ಟ್ರ ಬೆರಳು ಪತ್ರಿಕೆಯ ಮೇಲೆ ಅಕ್ಷರ ಹುಡುಕಲು ಹೊರಟಿತು.

ನಾವು ಏಳುವ ಮೊದಲು ಮಾಸ್ಟ್ರು ನಮ್ಮನ್ನು ಇನ್ನೂ ಮೂವರ ವಿಷಯ ಕೇಳಿದರು. ನಮಗೆ ಗೊತ್ತಿರಲಿಲ್ಲ. ಅದಕ್ಕಾಗಿಯೇ ನಾವು ಇಂದು ಈ ವೇದಿಕೆಗೆ ಬಂದುದು. ಸ್ಮರಣಸಂಚಿಕೆಯಲ್ಲಿ ಈ ಮಾತುಗಳು ಅಚ್ಚಾಗಲೆಂದು ಕೇಳಿಕೊಂಡುದೂ ಅದಕ್ಕಾಗಿಯೇ. ಒಬ್ಬನು ಕೊಳಲು ಬಾರಿಸುತ್ತಿದ್ದ ಶಿರ್ವದವನು. ಒಬ್ಬನು ಹೆಜಮಾಡಿಯವನು, ದುಬೈಗೆ ಹೋಗುತ್ತೇನೆಂದು ಒಂಬತ್ತನೆಯ ತರಗತಿಯ ನಡುವಿನಲ್ಲಿಯೇ ಬಿಟ್ಟವನು. ಇನ್ನೊಬ್ಬನು ಕೋಟದವನು, ಕ್ಷಯವಾಗಿದೆಯೆಂದು ಊರಿಗೆ ಕಳುಹಿಸಿದ್ದರು. ಇವರಲ್ಲಿ ಯಾರಾದರೂ ಈ ಸಭೆಯಲ್ಲಿದ್ದರೆ, ಅಥವಾ ಇದನ್ನು ಓದಿದವರಲ್ಲಿ ಯಾರಿಗಾದರೂ ಅವರ ವಿಷಯ ತಿಳಿದಿದ್ದರೆ, ಸಂಘದ ಕಾರ್ಯಾಲಯಕ್ಕೆ ತಿಳಿಸಬೇಕು. ಸುದ್ದಿ ಒಳ್ಳೆಯದೇ ಆಗಿರಬೇಕೆಂದಿಲ್ಲ. ಮಾಸ್ಟ್ರಿಗೆ ಈಗ 85 ವರ್ಷ. ಪ್ರತಿ ಭಾನುವಾರ ಬೆಳಗ್ಗೆ ಅವರು ಅದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಅವರ ಬಲಗಡೆಗೆ ಹೋಗಿ ಕುಳಿತು, ಮೊದಲು ಊರಿನ ಹೆಸರು ಹೇಳಿ.